‘ಸ್ವಲ್ಪ ದಿನ ಟೈಮ್ ಕೊಡ್ರಿ’ ಅಂದರೆ ಕೆಲಸ ಕೆಟ್ಟಂತೆ!

ಸಿನಿಮಾದಲ್ಲಿ ನಾಯಕನಿಗೆ ಜ್ವರ ಬಂದರೆ ಏನಾಗುತ್ತದೆ? ನಾಯಕಿ ಬಂದು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಾಳೆ, ಒಂದು ಹಾಡು ಬರುತ್ತದೆ, ಹಾಡು ಮುಗಿಯುವುದರೊಳಗೆ ಜ್ವರವೂ ಮುಗಿಯುತ್ತದೆ. ನನಗೆ ಬಂದ ಜ್ವರದಲ್ಲಿ ನಾಯಕಿಯೂ ಬರಲಿಲ್ಲ, ಹಾಡೂ ಬರಲಿಲ್ಲ. ತಲೆಯ ಮೇಲೆ ಹಂಚಿನ ಸೂರು, ಅದರ ಮೇಲೆ ಬೆಳಗಾವಿಯ ಮಳೆ, ಎದುರಿಗೆ ಸಂಪಾದಕರಿಗೆ ಕೊಟ್ಟ ಮಾತು. ಮಾತು ಕೊಟ್ಟ ದಿನಾಂಕ 2024ರ ಜುಲೈ 22, ಸೋಮವಾರ. ಜ್ವರ ಬಂದದ್ದು ಜುಲೈ 16, ಮಂಗಳವಾರ ರಾತ್ರಿ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಹಳೆಯ ಟಾಕೀಸುಗಳಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಆಪರೇಟರುಗಳ ಬಗ್ಗೆ ನಾಲ್ಕು ಪುಟದ ಲೇಖನ. ಬೆಳಗಾವಿ ಶಹರದ ಐದು ಮಂದಿ, ಖಾನಾಪುರದ ಒಬ್ಬರು, ಒಟ್ಟು ಆರು ಜನ. ಎರಡು ಸಾವಿರ ಶಬ್ದ, ಒಂಬತ್ತು ಫೋಟೋ. ವಿಶೇಷ ಸಂಚಿಕೆಗೆ ಅಂತ ಸಂಪಾದಕರೇ ಕರೆದು ಕೊಟ್ಟ ಕೆಲಸ. ನನ್ನಂಥ ಹವ್ಯಾಸಿ ಪತ್ರಕರ್ತನಿಗೆ ಕರೆದು ಕೆಲಸ ಕೊಡುವುದು ವರ್ಷಕ್ಕೆ ಎರಡು ಸಲವೂ ಆಗುವುದಿಲ್ಲ. ಆ ದುಡ್ಡಿನಲ್ಲಿ ಎರಡು ತಿಂಗಳ ಬಾಡಿಗೆ ಕಟ್ಟುವ ಲೆಕ್ಕ ಅವ್ವ ಆಗಲೇ ಹಾಕಿಟ್ಟಿದ್ದಳು.

ನಮ್ಮ ಮನೆ ಕ್ಯಾಂಪಿನಲ್ಲಿ. ಕಲ್ಲಿನ ಬಂಗಲೆಗಳ ಕ್ಯಾಂಪಲ್ಲ ಸ್ವಾಮಿ, ಆ ಬಂಗಲೆಗಳ ಹಿಂದಿನ ಓಣಿಯ ಕ್ಯಾಂಪು. ಬೆಳಗಿನ ಜಾವ ಮರಾಠಾ ಲೈಟ್ ಇನ್‌ಫಂಟ್ರಿಯ ಹುಡುಗರು ಬೂಟು ಬಡಿಯುತ್ತ ಓಡಿದರೆ ನಮಗೆ ಗಡಿಯಾರ ಬೇಕಾಗುವುದಿಲ್ಲ. ಬುಧವಾರ ಬೆಳಿಗ್ಗೆ ಆ ಬೂಟಿನ ಸದ್ದು ಒಂದೊಂದೂ ನನ್ನ ತಲೆಯೊಳಗೇ ಬಡಿದಂತಾಯಿತು. ಕಣ್ಣಿನ ಹಿಂದೆ ನೋವು, ಮೈಯೆಲ್ಲ ಎಲುಬು ಮುರಿದಂತೆ. ಗುರುವಾರ ರಕ್ತ ಪರೀಕ್ಷೆ ಮಾಡಿಸಿದೆವು. ಡೆಂಗಿ. ಆ ವರ್ಷ ರಾಜ್ಯದ ತುಂಬ ಡೆಂಗಿಯದೇ ಸುದ್ದಿ ಇತ್ತು. ಮುಂದೆ ಸೆಪ್ಟೆಂಬರಿನಲ್ಲಿ ಸರಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಸಾರಿತು. ಡಾಕ್ಟರು ಪ್ಯಾರಾಸಿಟಮಾಲ್ ಒಂದನ್ನೇ ಬರೆದುಕೊಟ್ಟು, “ಮೈನೋವು ಅಂತ ಬ್ಯಾರೆ ಯಾವ ಗುಳಿಗೀನೂ ನುಂಗಬ್ಯಾಡ್ರಿ, ರಕ್ತ ಸೋರ್ತೈತಿ. ನೀರು, ಗಂಜಿ, ಓಆರ್‌ಎಸ್ ಕುಡೀರಿ. ದಿನಾ ಪ್ಲೇಟ್ಲೆಟ್ ನೋಡಿಸ್ರಿ” ಅಂದರು.

ನಾನು ಕೇಳಿದ ಮೊದಲ ಪ್ರಶ್ನೆ: “ಡಾಕ್ಟರ್, ಸೋಮವಾರ ಕೂತು ಬರೀಬಹುದೇನ್ರಿ?”

ಅವರು ನನ್ನ ಮುಖ ನೋಡಿದರು. ಉತ್ತರ ಕೊಡಲಿಲ್ಲ.

ಇಲ್ಲಿ ಒಂದು ಫ್ಲ್ಯಾಶ್‌ಬ್ಯಾಕ್. ನಾನು ಪಿಯುಸಿ ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟವನು. ಕೇಳಿದವರಿಗೆಲ್ಲ “ಸಿನಿಮಾದ ಹುಚ್ಚಿನಿಂದ ಬಿಟ್ಟೆ” ಅಂತ ಹೇಳುತ್ತ ಬಂದಿದ್ದೇನೆ. ಅದು ಕೇಳಲಿಕ್ಕೆ ಚೆನ್ನಾಗಿರುತ್ತದೆ. ನಿಜ ಬೇರೆ. ಆ ವರ್ಷ ನನಗೆ ಟೈಫಾಯಿಡ್ ಆಗಿತ್ತು. ಹದಿನೆಂಟು ದಿನ ಹಾಸಿಗೆ. ರಸಾಯನಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಅರ್ಧ ಖಾಲಿ, ಕೊಡುವ ದಿನ ಮೀರಿ ಹೋಗಿತ್ತು. ಒಂದು ಚೀಟಿ ಬರೆದು ‘ಹೀಗಾಗಿದೆ ಸರ್, ಇಂಥಾ ದಿನದೊಳಗೆ ಮುಗಿಸುತ್ತೇನೆ’ ಅಂದಿದ್ದರೆ ಆಗುತ್ತಿತ್ತೇನೋ. ನಾನು ಬರೆಯಲಿಲ್ಲ. ಹೆದರಿಕೆ. ಬೈದರೆ ಹೇಗೆ ಅಂತ ಒಂದು ದಿನ ತಪ್ಪಿಸಿದೆ. ಮರುದಿನ, ನಿನ್ನೆ ಯಾಕೆ ಬರಲಿಲ್ಲ ಅಂತ ಕೇಳಿದರೆ ಹೇಗೆ ಅಂತ ತಪ್ಪಿಸಿದೆ. ಮೂರನೇ ವಾರದ ಹೊತ್ತಿಗೆ ನಾನು ದಿನಾ ಮ್ಯಾಟಿನಿಗೆ ಹೋಗುತ್ತಿದ್ದೆ. ಪರೀಕ್ಷೆಗೆ ಕೂರಲು ನೂರಕ್ಕೆ 75 ಹಾಜರಿ ಬೇಕು, ನನ್ನದು ಎಲ್ಲಿತ್ತು? ಸಿನಿಮಾದ ಹುಚ್ಚು ಆಮೇಲೆ ಬಂದದ್ದು. ಮೊದಲು ಬಂದದ್ದು ಹೆದರಿಕೆ.

ಅಷ್ಟಕ್ಕೇ ಬುದ್ಧಿ ಬಂತೆ? ಇಲ್ಲ. 2022ರಲ್ಲಿ ಕಾಮಾಲೆ ಆದಾಗ ಬೇರೊಂದು ಪತ್ರಿಕೆಗೆ ಕೊಡಬೇಕಾದ ಬರಹ ಕೈಲಿತ್ತು. ಫೋನ್ ಬಂದಾಗ ಎತ್ತಲಿಲ್ಲ. ಆರು ಸಲ ಬಂತು, ಏಳನೇ ಸಲ ಬರಲಿಲ್ಲ. ಇಂದಿಗೂ ಬಂದಿಲ್ಲ. ತಪ್ಪು ಅವರದಲ್ಲ.

ಗುರುವಾರ ಸಂಜೆ ಹಾಸಿಗೆಯಲ್ಲಿ ಬಿದ್ದುಕೊಂಡು ಫೋನಿನಲ್ಲೇ ಮೊದಲನೇ ಪತ್ರ ಬರೆದೆ. ಓದಿದರೆ ನೀವು ಅಳುತ್ತೀರಿ. ‘ಸಾವು ಬದುಕಿನ ನಡುವೆ ಹೋರಾಡುತ್ತಿರುವ ಈ ಬಡ ಲೇಖಕ...’ ಅಂತ ಶುರು. ನನ್ನ ಬಡತನ, ಅವ್ವನ ಕಣ್ಣೀರು, ಸಲೈನ್ ಬಾಟಲಿ (ಅದಿನ್ನೂ ಹಚ್ಚಿರಲೇ ಇಲ್ಲ!), ಎಲ್ಲ ಬಂದಿತ್ತು. ಬರದೆ ಇದ್ದದ್ದು ಒಂದೇ: ಲೇಖನ ಯಾವತ್ತು ಕೊಡುತ್ತೀಯಪ್ಪಾ ಅನ್ನುವ ಮಾತು. ಅಳಿಸಿದೆ. ಎರಡನೆಯದು ಒಂದೇ ಸಾಲು: ‘ಸರ್, ಹುಷಾರಿಲ್ಲ, ಸ್ವಲ್ಪ ದಿನ ಟೈಮ್ ಕೊಡಿ.’ ಕಳಿಸಬೇಕು ಅನ್ನುವಷ್ಟರಲ್ಲಿ ಪಕ್ಕದ ಮನೆಯ ಸುಭೇದಾರ ಕಾಕಾ ಗಂಜಿಯ ಡಬ್ಬಿ ಹಿಡಿದುಕೊಂಡು ಬಂದರು. ಪಲ್ಟನ್‌ನಿಂದ ನಿವೃತ್ತರಾಗಿ ಇಪ್ಪತ್ತು ವರ್ಷ ಆಗಿದೆ, ಮಾತಿನಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ, ಮೀಸೆ ಮಾತ್ರ ಪೂರಾ ಪಲ್ಟನ್‌ದೇ.

ಪತ್ರ ಓದಿ ಹೇಳಿಸಿಕೊಂಡರು.

“ಸ್ವಲ್ಪ ದಿನ ಅಂದ್ರ ಎಷ್ಟೋ?”

“ಗೊತ್ತಿಲ್ಲ ಕಾಕಾ.”

“ನಿನಗ ಗೊತ್ತಿಲ್ಲಂದ್ರ ನಿಮ್ಮ ಸಾಹೇಬಗ ಹೆಂಗ ಗೊತ್ತಾಗಬೇಕು? ನಮ್ಮಾಗ ಜ್ವರಾ ಬಂದ್ರ ಮುಂಜಾನೆ ಎದ್ದ ಕೂಡಲೆ ಸಿಕ್ ರಿಪೋರ್ಟ್ ಮಾಡಬೇಕು. ಡಾಕ್ಟರ್ ನೋಡಿ ಡ್ಯೂಟಿಗೆ ಹೋಗಂತಾನ, ಇಲ್ಲಾ ಇಷ್ಟ ದಿನಾ ರೆಸ್ಟ್ ಅಂತಾನ. ಆ ‘ಇಷ್ಟ ದಿನಾ’ ಬಂತಂದ್ರ ಹವಾಲ್ದಾರ ನನ್ನ ಗಾರ್ಡ್ ಡ್ಯೂಟಿಗೆ ಬ್ಯಾರೆಯಾಂವನ್ನ ಹಾಕ್ತಾನ. ರಾತ್ರಿ ಗಾರ್ಡಿನ್ಯಾಗ ನಿಲ್ಲೂ ಹೊತ್ತಿಗೆ ಹೋಗಿ ‘ಸಾಬ್ ಜ್ವರಾ’ ಅಂದ್ರ... ಹೊಡೀತಾನ ಅಂವಾ!”

ಇದೇ ಮಾತು ನನ್ನ ಲೇಖನದೊಳಗೂ ಇತ್ತು, ಅದು ನನಗೆ ಆಗ ಹೊಳೆಯಿತು. ನಾನು ಮಾತಾಡಿಸಿದ ಹಿರಿಯ ಆಪರೇಟರೊಬ್ಬರು ಹೇಳಿದ್ದರು. ಹಿಂದೆ ಒಂದೇ ಪ್ರಿಂಟನ್ನು ಎರಡು ಟಾಕೀಸಿನಲ್ಲಿ ಓಡಿಸುತ್ತಿದ್ದರಂತೆ. ಈ ಟಾಕೀಸಿನಲ್ಲಿ ಮೊದಲ ರೀಲು ಮುಗಿದರೆ ಹುಡುಗ ಅದನ್ನು ಡಬ್ಬಿಯಲ್ಲಿಟ್ಟು ಸೈಕಲ್ ಮೇಲೆ ಆ ಟಾಕೀಸಿಗೆ ಒಯ್ಯಬೇಕು. ಎರಡು ಸಾವಿರ ಅಡಿಯ ರೀಲು, ಇಪ್ಪತ್ತು ನಿಮಿಷದ ಮೇಲೆ ಒಂದೆರಡು ನಿಮಿಷ ಓಡುತ್ತದೆ. ಮುಂದಿನದು ಅಷ್ಟರೊಳಗೆ ಬೂತಿಗೆ ಬಂದಿರಬೇಕು. ಸೈಕಲ್ ಪಂಕ್ಚರ್ ಆಯಿತು ಅನ್ನಿ. ಹುಡುಗ ದಾರಿಯಿಂದಲೇ ಯಾರ ಕೈಲಾದರೂ ಸುದ್ದಿ ಮುಟ್ಟಿಸಿದರೆ ಆಪರೇಟರ್ ಜಾಹೀರಾತಿನ ಸ್ಲೈಡು ತೆಗೆದಿಡುತ್ತಾನೆ, ಇಂಟರ್ವಲ್ ಮುಂಚೆ ಬಿಡುತ್ತಾನೆ, ಜನ ಚಹಾ ಕುಡಿದು ಬರುತ್ತಾರೆ. ಸುದ್ದಿ ಬರದಿದ್ದರೆ ಪರದೆ ಬೆಳ್ಳಗಾಗುತ್ತದೆ, ಕುರ್ಚಿ ಮುರಿಯುತ್ತವೆ. “ರೀಲು ಎರಡೂ ಸಲ ಹತ್ತು ಮಿನಿಟು ತಡಾನ ಬಂದಿತ್ರಿ. ಕುರ್ಚಿ ಮುರದದ್ದು ಒಂದ ಸಲ” ಅಂದಿದ್ದರು ಆ ಅಜ್ಜ.

ಇದನ್ನು ಬರೆದವನೂ ನಾನೇ, ಮರೆತವನೂ ನಾನೇ.

ನಮ್ಮ ಸಿನಿಮಾದವರಲ್ಲಿ ದೊಡ್ಡವರ ಕತೆ ಬೇರೆ ಬಿಡಿ. 1982ರ ಜುಲೈನಲ್ಲಿ ಬೆಂಗಳೂರಿನಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆಗೆ ಏಟಾಯಿತು. ಮತ್ತೆ ಕ್ಯಾಮೆರಾ ಮುಂದೆ ಅವರು ನಿಂತದ್ದು 1983ರ ಜನವರಿಯಲ್ಲಿ. ಆರು ತಿಂಗಳು ಇಡೀ ಯೂನಿಟ್ಟು ಕಾಯಿತು. ಏಟು ಬಿದ್ದ ಆ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ ಪರದೆಯ ಮೇಲೆ ಅಕ್ಷರದಲ್ಲಿ ತೋರಿಸಿದ್ದನ್ನು ನೀವೆಲ್ಲ ನೋಡಿದ್ದೀರಿ. ನನಗಾಗಿ ಯಾವ ಪುಟ ಆರು ತಿಂಗಳು ಕಾಯುತ್ತದೆ? ನನ್ನ ಪುಟಕ್ಕೆ ಬನಿಯನ್ ಜಾಹೀರಾತು ಹಾಕುತ್ತಾರೆ, ಸಂಚಿಕೆ ಬಸ್‌ಸ್ಟ್ಯಾಂಡಿಗೆ ಹೊರಡುತ್ತದೆ.

ಹಾಗಾಗಿ ಕಾಕಾ ಎದುರಿಗೆ ಕೂತಿದ್ದಂತೆಯೇ ಲೆಕ್ಕಕ್ಕೆ ಕೂತೆ. ಮೂರು ಲೆಕ್ಕ.

ಮೊದಲನೆಯದು ಪತ್ರಿಕೆಯ ಲೆಕ್ಕ. ನನಗೆ ಎಷ್ಟು ದಿನ ಬೇಕು ಅನ್ನುವುದಕ್ಕಿಂತ ಮೊದಲು ಅವರ ಹತ್ತಿರ ಎಷ್ಟು ದಿನ ಇದೆ ಅನ್ನುವುದು ತಿಳಿಯಬೇಕು. ಸಂಪಾದಕರು ಹೇಳುವ ತಾರೀಖು ಬೇರೆ, ಪ್ರೆಸ್ಸಿಗೆ ಹೋಗುವ ತಾರೀಖು ಬೇರೆ. ನಡುವೆ ತಿದ್ದಲಿಕ್ಕೆ, ಪುಟ ಕಟ್ಟಲಿಕ್ಕೆ ಅಂತ ಅವರು ಜಾಗ ಇಟ್ಟುಕೊಂಡಿರುತ್ತಾರೆ. ಪುಟ ಕಟ್ಟುವ ಅಣ್ಣನಿಗೆ ಫೋನ್ ಮಾಡಿದೆ. “ವಿಶೇಷಾಂಕದ ಪುಟ ಆಗಸ್ಟ್ 3, ಶನಿವಾರ ಸಂಜೀಕ ಕಟ್ಟ್. ಅದರ ಮ್ಯಾಲೆ ಬ್ರಹ್ಮ ಬಂದ್ರೂ ತಗೊಳಂಗಿಲ್ಲ” ಅಂದ. ಅಂದರೆ 3ನೇ ತಾರೀಖು ನಾನು ಮುಟ್ಟಲೇಬಾರದ ಗೋಡೆ. ಅದರ ಹಿಂದೆ ಅವರಿಗೆ ತಿದ್ದಲು ಪೂರ್ತಿ ಎರಡು ದಿನವಾದರೂ ಬೇಕು. ನಾನು ಕೇಳಬಹುದಾದ ಕೊನೆಯ ದಿನ ಜುಲೈ 31, ಬುಧವಾರ. ಆಗಸ್ಟ್ 2 ಅಂತ ಕೇಳಿದ್ದರೆ ಅದು ಅವರ ನಿದ್ದೆಯನ್ನು ಸಾಲ ಕೇಳಿದಂತೆ.

ಎರಡನೆಯದು ಜ್ವರದ ಲೆಕ್ಕ. ಇದರಲ್ಲೇ ಬಹಳ ಜನ ಮೋಸ ಹೋಗುವುದು, ನಾನೂ ಹೋಗುತ್ತಿದ್ದೆ. ಜ್ವರ ಬಿಟ್ಟ ದಿನ ಹುಷಾರಾದೆ ಅಂತ ತಿಳಿಯುತ್ತೇವೆ. ಡೆಂಗಿಯಲ್ಲಿ ಉಲ್ಟಾ. ಜ್ವರ ಇಳಿಯುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ ದಿನ. ಹೊಟ್ಟೆ ನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ರಕ್ತ ಬಂದರೆ ತಕ್ಷಣ ಆಸ್ಪತ್ರೆಗೆ ಓಡಬೇಕು ಅಂತ ಡಾಕ್ಟರು ಹೇಳಿದ್ದು ಆ ದಿನಗಳಿಗಾಗಿಯೇ. ಅದು ದಾಟಿದರೂ ನಿಶ್ಶಕ್ತಿ ವಾರ, ಎರಡು ವಾರ ಇರುತ್ತದೆ. ನಾನು ಬೆರಳು ಮಡಚಿ ಎಣಿಸಿದೆ: ಜ್ವರ 22ರ ತನಕ ಎಳೆದರೂ, ಅಪಾಯದ ದಿನ 24ಕ್ಕೆ ಮುಗಿಯಬೇಕು, ಒಂದು ದಿನ ಮೇಲೆ. 26, ಶುಕ್ರವಾರದಿಂದ ದಿನಕ್ಕೆ ಎರಡು ತಾಸು ಕೂರಬಹುದು. ಎಂಟು ತಾಸು ಅಲ್ಲ, ಎರಡು.

ಮೂರನೆಯದು ಕೆಲಸದ ಲೆಕ್ಕ. ಆರರಲ್ಲಿ ನಾಲ್ಕು ಜನರ ಮಾತು ಮುಗಿದಿತ್ತು, 1,100 ಶಬ್ದ ಬರೆದಾಗಿತ್ತು. ಒಂಬತ್ತೂ ಫೋಟೋ ಕೈಲಿದ್ದವು. ಖಾನಾಪುರದ ಅಜ್ಜನದನ್ನು ಜೂನ್‌ನಲ್ಲೇ ಗೆಳೆಯ ತೆಗೆದಿದ್ದ, ಮಾತಾಡಿಸುವುದು ಮಾತ್ರ ಉಳಿದಿತ್ತು. ಉಳಿದದ್ದು ಎರಡು ಸಂದರ್ಶನ, 900 ಶಬ್ದ. ಮೈ ಸರಿ ಇದ್ದರೆ 900 ಶಬ್ದ ಒಂದು ದಿನದ ಕೆಲಸ. ಎರಡು ತಾಸಿನ ಮೈಗೆ ಮೂರು ದಿನ. ಸಂದರ್ಶನಕ್ಕೆ ಎರಡು ದಿನ. 26ರಿಂದ 30. ಬಂತಲ್ಲ ಲೆಕ್ಕ! 31ಕ್ಕೆ ಸರಿಯಾಗಿ ಕೂತಿತು.

ಲೆಕ್ಕ ಮುಗಿದ ಮೇಲೆ ಪತ್ರ ತಾನೇ ಬಂತು. ರಾತ್ರಿ ಎಂಟಕ್ಕೆ, ಕೊನೆಯ ದಿನಕ್ಕೆ ನಾಲ್ಕು ದಿನ ಮೊದಲು, ಸಂಪಾದಕರಿಗೆ ಇ-ಮೇಲ್ ಮಾಡಿದೆ. ಪತ್ರವನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ, ಹೆಸರು ಮಾತ್ರ ಬಿಟ್ಟಿದ್ದೇನೆ.

‘ವಿಷಯ: ಆಪರೇಟರುಗಳ ಲೇಖನ – ಜುಲೈ 22ರ ಬದಲು ಜುಲೈ 31ಕ್ಕೆ ಕೊಡಲು ಅನುಮತಿ ಕೋರಿ.

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನನಗೆ ಡೆಂಗಿ ಜ್ವರ ಬಂದಿರುವುದು ಇಂದು (ಜುಲೈ 18) ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಕನಿಷ್ಠ 25ರ ವರೆಗೆ ಕೆಲಸ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಆದ್ದರಿಂದ ಜುಲೈ 22ಕ್ಕೆ ಒಪ್ಪಿಕೊಂಡ ಲೇಖನವನ್ನು ಜುಲೈ 31, ಬುಧವಾರ ಸಂಜೆ 5 ಗಂಟೆಯೊಳಗೆ ಕೊಡಲು ಅನುಮತಿ ಬೇಡುತ್ತೇನೆ. ವಿಶೇಷ ಸಂಚಿಕೆಯ ಪುಟಗಳು ಆಗಸ್ಟ್ 3ರ ಸಂಜೆ ಮುಗಿಯುತ್ತವೆ ಎಂದು ತಿಳಿದುಕೊಂಡೇ ಈ ದಿನವನ್ನು ಕೇಳುತ್ತಿದ್ದೇನೆ.

ಮುಗಿದಿರುವುದು: ನಾಲ್ವರು ಆಪರೇಟರುಗಳ ಭಾಗ, 1,100 ಶಬ್ದ, ಒಂಬತ್ತು ಫೋಟೋ. ಇವೆಲ್ಲವನ್ನೂ ಅಡಿಬರಹಗಳ ಸಮೇತ ಈ ಪತ್ರದ ಜೊತೆಗೇ ಕಳಿಸಿದ್ದೇನೆ. ತಾವು ಈಗಲೇ ತಿದ್ದಲು, ಪುಟ ಕಟ್ಟಲು ತೆಗೆದುಕೊಳ್ಳಬಹುದು.

ಉಳಿದಿರುವುದು: ಇಬ್ಬರ ಸಂದರ್ಶನ, 900 ಶಬ್ದ. 26ರಂದು ಶಹರದ ಒಬ್ಬರನ್ನು ಫೋನಿನಲ್ಲಿ ಮಾತಾಡಿಸುವೆ. 27ರಂದು ಖಾನಾಪುರಕ್ಕೆ ಹೋಗಿಬರುವೆ. 28ರಿಂದ 30ರ ವರೆಗೆ ಬರವಣಿಗೆ.

26ರ ಬೆಳಿಗ್ಗೆ 11ರೊಳಗೆ ನಾನೇ ತಮಗೆ ತಿಳಿಸುತ್ತೇನೆ, ಆಗುತ್ತದೆಯೋ ಇಲ್ಲವೋ ಎಂದು. ಆಗದಿದ್ದರೆ ಈಗ ಕಳಿಸಿರುವ ಭಾಗಕ್ಕೆ 150 ಶಬ್ದದ ಮುಕ್ತಾಯ ಬರೆದು ಅಂದೇ ಕೊಡುವೆ. ಮೂರು ಪುಟದ ಲೇಖನವಾಗಿ ನಿಲ್ಲುತ್ತದೆ. ಸಂಭಾವನೆಯೂ ಮೂರು ಪುಟದ್ದೇ ಆಗಲಿ. ನಾಲ್ಕನೆಯ ಪುಟಕ್ಕೆ ಬೇರೆ ವ್ಯವಸ್ಥೆ ಮಾಡಲು ತಮಗೆ ಎಂಟು ದಿನ ಸಿಗುತ್ತದೆ.

ವೈದ್ಯರ ಚೀಟಿ ಬೇಕಿದ್ದರೆ ಕಳಿಸುತ್ತೇನೆ. ತಮಗಾದ ತೊಂದರೆಗೆ ವಿಷಾದಿಸುತ್ತೇನೆ.

ತಮ್ಮ ವಿಶ್ವಾಸಿ’

ಇಷ್ಟೇ. ರೋಗದ ಮಾತು ಒಂದೇ ವಾಕ್ಯ. ಅವ್ವನ ಕಣ್ಣೀರು ಇಲ್ಲ. ಕಾಕಾ ಎರಡು ಸಲ ಓದಿಸಿ ಕೇಳಿ, “ಸಂಭಾವನೆ ಮಾತ ಯಾಕ ಹಾಕಿದಿ? ಕೇಳಲಿಕ್ಕ ಮೊದಲ ಬಿಟ್ಟುಕೊಟ್ಟಿ” ಅಂತ ಒಂದೇ ತಕರಾರು ತೆಗೆದರು. ಅವರ ಮಾತೂ ಖರೆ. ಆದರೆ ನನಗೆ ಅನಿಸಿದ್ದು: ನಾನು ಕೊಡದ ಪುಟಕ್ಕೆ ದುಡ್ಡು ಕೇಳುವುದಿಲ್ಲ ಅಂತ ಮೊದಲೇ ಹೇಳಿದರೆ ಅವರು ನಿರ್ಧಾರ ಮಾಡುವಾಗ ಮುಜುಗರ ಪಡಬೇಕಾಗಿಲ್ಲ. ಈ ವಿಷಯದಲ್ಲಿ ಈಗಲೂ ಕಾಕಾನಿಗೂ ನನಗೂ ಜಗಳ ಇದೆ.

ಅರ್ಧ ಬರೆದದ್ದನ್ನು ಕಳಿಸಲಿಕ್ಕೆ ಮನಸ್ಸು ಒಪ್ಪಿರಲಿಲ್ಲ, ಅದನ್ನೂ ಹೇಳುತ್ತೇನೆ. ಬರೆಯುವವನಿಗೆ ಅರ್ಧ ಬೆಂದ ಅಡುಗೆ ಬಡಿಸಿದಂತೆ ನಾಚಿಕೆ. ಆದರೆ ಸಂಪಾದಕರ ಜಾಗದಲ್ಲಿ ಕೂತು ನೋಡಿ. ‘ಮುಕ್ಕಾಲು ಭಾಗ ಆಗಿದೆ ಸರ್’ ಅಂತ ಹೇಳುವವರನ್ನು ಅವರು ದಿನಾ ಹತ್ತು ಜನರನ್ನು ನೋಡುತ್ತಾರೆ. ಆದದ್ದು ಕಣ್ಣ ಮುಂದೆ ಬಂದು ಬಿದ್ದರೆ ಮಾತೇ ಬೇರೆ.

ಉತ್ತರ ರಾತ್ರಿ ಒಂಬತ್ತೂವರೆಗೆ ಬಂತು. ನಮ್ಮ ಸಂಪಾದಕರು ಮಾತಿನಲ್ಲಿ ಜಿಪುಣರು. ‘ಸರಿ. 31, ಸಂಜೆ 5. ನಾಲ್ಕನೇ ಫೋಟೋದ ಅಡಿಬರಹದಲ್ಲಿ ಎಡ-ಬಲ ಅದಲು ಬದಲಾಗಿದೆ. ವಿಶ್ರಾಂತಿ ತಗೊಳ್ಳಿ.’ ಆ ಎಡ-ಬಲದ ಮಾತು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಜ್ವರಕ್ಕೋ ಏನೋ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಭಾನುವಾರ, 21ರಂದು ಬೆಳಿಗ್ಗೆ ಜ್ವರ ಪೂರ್ತಿ ಬಿಟ್ಟಿತು. ಮೈ ಹಗುರಾಗಿ ಹತ್ತಿಯಂತಾಯಿತು. ಅವ್ವ ಮಾಡಿದ ರೊಟ್ಟಿ ತಿಂದೆ. ನಾನು ಹೀರೋ ಆದೆ! ‘ಸರ್, ಹುಷಾರಾಗಿದ್ದೇನೆ, 24ಕ್ಕೇ ಕೊಡುತ್ತೇನೆ’ ಅಂತ ಮೆಸೇಜು ಟೈಪ್ ಮಾಡಿಯೂ ಬಿಟ್ಟೆ. ಕಳಿಸುವ ಬಟನ್ ಒತ್ತುವ ಮೊದಲು ಅವ್ವ ಕೇಳಿದಳು: “ಡಾಕ್ಟರು ಏನಂದಿದ್ರು? ಜ್ವರಾ ಬಿಟ್ಟ ಮ್ಯಾಲೆ ಎರಡ ದಿನಾ ನೋಡ್ರಿ ಅಂದಿಲ್ಲೇನು?” ಅವ್ವ ಎರಡನೇ ಇಯತ್ತೆ ಓದಿದವಳು. ಪಿಯುಸಿ ತನಕ ಓದಿದ ನಾನು ಆ ಮಾತು ಮರೆತಿದ್ದೆ.

ಸೋಮವಾರ ರಕ್ತ ನೋಡಿಸಿದರೆ ಪ್ಲೇಟ್ಲೆಟ್ 41 ಸಾವಿರ. ಒಂದೂವರೆ ಲಕ್ಷದ ಮೇಲೆ ಇರಬೇಕಾದದ್ದು. ಮಧ್ಯಾಹ್ನ ಹೊಟ್ಟೆ ನೋವೂ ಶುರುವಾಯಿತು. ಆಸ್ಪತ್ರೆಗೆ ಸೇರಿಸಿ ಎರಡು ರಾತ್ರಿ ಇಟ್ಟುಕೊಂಡರು. ಓಣಿಯ ಮಂದಿಯೆಲ್ಲ ಪಪಾಯಿ ಎಲೆಯ ರಸ ತಂದರು. ಡಾಕ್ಟರು “ಅದನ್ನ ಬಿಡ್ರಿ, ನೀರು ಕುಡೀರಿ” ಅಂತ ಸಲೈನ್ ಹಚ್ಚಿದರು. ಮಂಗಳವಾರ 38 ಸಾವಿರ. ಬುಧವಾರ 56 ಸಾವಿರಕ್ಕೆ ಏರಿತು, ಮನೆಗೆ ಬಂದೆ. ಗುರುವಾರ 90 ಸಾವಿರ.

ಈಗ ಲೆಕ್ಕ ಹಾಕಿ. ಭಾನುವಾರದ ಆ ಮೆಸೇಜು ಹೋಗಿದ್ದರೆ? 24ಕ್ಕೆ ನಾನು ಎರಡನೇ ಸಲ ಮಾತು ತಪ್ಪುತ್ತಿದ್ದೆ, ಅದೂ ನಾನೇ ಮುಂದೆ ಬಂದು ಕೊಟ್ಟ ಮಾತು. ಒಮ್ಮೆ ಜ್ವರ ಅಂದರೆ ನಂಬುತ್ತಾರೆ. ಎರಡನೇ ಸಲ ಅಂದಾಗ ಜ್ವರವನ್ನೂ ನಂಬುವುದಿಲ್ಲ, ಮೊದಲಿನದನ್ನೂ ನಂಬುವುದಿಲ್ಲ.

26ರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಮೆಸೇಜು ಕಳಿಸಿದೆ: ‘ಸರ್, ಆಸ್ಪತ್ರೆಯಿಂದ ಬಂದಿದ್ದೇನೆ. 31ಕ್ಕೆ ಕೊಡುತ್ತೇನೆ. ಒಂದು ಬದಲಾವಣೆ: ಖಾನಾಪುರಕ್ಕೆ ಹೋಗಲು ಆಗುವುದಿಲ್ಲ, ಅವರನ್ನೂ ಫೋನಿನಲ್ಲೇ ಮಾತಾಡಿಸುವೆ. ಆ ಭಾಗ 500ರ ಬದಲು 350 ಶಬ್ದ ಆಗಬಹುದು.’ ಅದು ಸುಳ್ಳಲ್ಲ. ಮನೆಯಿಂದ ಖಾನಾಪುರ ರಸ್ತೆಯ ತನಕ ನಡೆದರೇ ಕಾಲು ನಡುಗುತ್ತಿತ್ತು, ಮೇಲೆ ಖಾನಾಪುರದ ಮಳೆ ಅಂದರೆ ಮಳೆ, ಮಲಪ್ರಭೆ ತುಂಬಿ ಹರಿಯುವ ಕಾಲ. ಮೊದಲ ಪತ್ರದಲ್ಲಿ 27ಕ್ಕೆ ಖಾನಾಪುರ ಅಂತ ಬರೆದದ್ದೇ ನನ್ನ ತಪ್ಪು. ಜ್ವರದಿಂದ ಎದ್ದ ಎರಡನೇ ದಿನ ಬಸ್ಸಿನಲ್ಲಿ ಹೋಗಿಬರುವೆ ಅಂತ ಬರೆಯುವಾಗ ನಾನು ಹಳೆಯ ಮೈಯನ್ನು ಲೆಕ್ಕ ಹಿಡಿದಿದ್ದೆ.

ಫೋನಿನಲ್ಲಿ ಖಾನಾಪುರದ ಅಜ್ಜನಿಗೆ ಕಿವಿ ಕೇಳಿಸಲಿಲ್ಲ. ಮೊಮ್ಮಗ ಪಕ್ಕದಲ್ಲಿ ಕೂತು ನನ್ನ ಪ್ರಶ್ನೆಗಳನ್ನು ಕೂಗಿ ಹೇಳಿದ, ಅಜ್ಜನ ಉತ್ತರಗಳನ್ನು ನನಗೆ ಒಪ್ಪಿಸಿದ. ಕಾರ್ಬನ್ ಕಡ್ಡಿ ಉರಿಯುವಾಗ ಬೂತಿನೊಳಗೆ ಎಷ್ಟು ಸೆಕೆ ಇರುತ್ತಿತ್ತು ಅಂತ ಕೇಳಿದರೆ, “ಈ ಮಳ್ಯಾಗ ಆ ಸೆಕೀ ಇದ್ದಿದ್ರ ಛಲೋ ಆಕ್ಕಿತ್ತು” ಅಂದರಂತೆ. ದಿನಕ್ಕೆ ಎರಡು ತಾಸು ಅಂತ ಹಿಡಿದದ್ದು ಸರಿಯಾಗೇ ಇತ್ತು. ಎರಡೂಕಾಲು ತಾಸಿಗೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು.

31ರಂದು ಮಧ್ಯಾಹ್ನ ಮೂರೂ ನಲವತ್ತಕ್ಕೆ ಕಳಿಸಿದೆ. 1,850 ಶಬ್ದ. ಸಂಪಾದಕರು ಅದರಲ್ಲಿ ನೂರು ಕಡಿದು ನಾಲ್ಕೂ ಪುಟಕ್ಕೆ ಹೊಂದಿಸಿದರು, ಸಂಭಾವನೆಯನ್ನೂ ನಾಲ್ಕು ಪುಟದ್ದೇ ಕೊಟ್ಟರು. ಅವ್ವ ಬಾಡಿಗೆ ಕಟ್ಟಿದಳು. ಒಂದೇ ತಿಂಗಳದ್ದು, ಇನ್ನೊಂದರದು ರಕ್ತ ಪರೀಕ್ಷೆಗೆ ಹೋಗಿತ್ತು.

ಸಂಚಿಕೆ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ರತಿ ಕೊಂಡೆ. ಒಂದನ್ನು ಸುಭೇದಾರ ಕಾಕಾನಿಗೆ ಕೊಟ್ಟೆ. ಇನ್ನೊಂದನ್ನು ಖಾನಾಪುರದ ಬಸ್ಸಿನ ಕಂಡಕ್ಟರನ ಕೈಲಿ ಕೊಟ್ಟು ಕಳಿಸಿದೆ. ಮರುದಿನ ಮೊಮ್ಮಗ ಫೋನ್ ಮಾಡಿದ. ಓದಿ ಹೇಳಿದ್ದನ್ನೆಲ್ಲ ಅಜ್ಜ ಕೇಳಿದ್ದರು, ಒಂದೇ ದೂರು: “ಉಳದವರ ಫೋಟೋ ಅಷ್ಟಷ್ಟ ದೊಡ್ಡವು ಹಾಕ್ಯಾರ, ನಂದ್ಯಾಕ ಸಣ್ಣದು ಹಾಕ್ಯಾರಂತ ಕೇಳಾಕತ್ತಾರ್ರೀ ಅಣ್ಣಾ.”